‘ಆಸರಿಂಗೆ ಎಂತ ಅಕ್ಕು?’: ಮೊದಲ ಸಲ ಮನೆಗೆ ಬಂದವರು ಮತ್ತು ಒಂದು ಚೆಂಬು ನೀರು

‘ಸ್ವಾಗತ’ ಎಂಬ ಪದವನ್ನು ನಾವು ಕಮಾನುಗಳ ಮೇಲೆ ಓದುತ್ತೇವೆ, ಆಮಂತ್ರಣ ಪತ್ರಿಕೆಗಳಲ್ಲಿ ಕಾಣುತ್ತೇವೆ, ಸಭೆಗಳಲ್ಲಿ ‘ಸ್ವಾಗತ ಭಾಷಣ’ವೆಂದು ಕೇಳುತ್ತೇವೆ. ಆದರೆ ಕಾಸರಗೋಡು ಸೀಮೆಯ ಯಾವ ಮನೆಯ ಅಂಗಳದಲ್ಲಿಯೂ ಬಂದವರನ್ನು ಕಂಡು ‘ನಿಮಗೆ ಸ್ವಾಗತ’ ಎಂದು ಹೇಳುವವರಿಲ್ಲ. ಅಲ್ಲಿ ಕೇಳಿಬರುವ ಮಾತು ‘ಬನ್ನಿ’ ಎಂಬುದೊಂದೇ. ಅತಿಥಿಯು ಈಗಾಗಲೇ ಬಂದು ಕಣ್ಣೆದುರಿಗೆ ನಿಂತಿರುವಾಗ ಅವನಿಗೆ ‘ಬನ್ನಿ’ ಎನ್ನುವುದು ತರ್ಕಕ್ಕೆ ವಿಚಿತ್ರವಾಗಿ ಕಂಡೀತು. ಆದರೆ ಈ ವಿಧ್ಯರ್ಥಕ ರೂಪವು ಇಲ್ಲಿ ಆಜ್ಞೆಯಲ್ಲ, ಅನುಮತಿ. ಅಂಗಳದಿಂದ ಜಗಲಿಗೆ, ಜಗಲಿಯಿಂದ ಚಾವಡಿಗೆ ಇರುವ ಗಡಿಯನ್ನು ದಾಟಲು ಮನೆಯವರು ಕೊಡುವ ಒಪ್ಪಿಗೆ. ಆದ್ದರಿಂದಲೇ ಅದನ್ನು ಒಮ್ಮೆ ಹೇಳಿದರೆ ಸಾಲದು. ‘ಬನ್ನಿ ಬನ್ನಿ’ ಎಂದು ಎರಡು ಸಲ ಹೇಳಬೇಕು. ಒಂದೇ ‘ಬನ್ನಿ’ಯನ್ನು ಇಳಿದನಿಯಲ್ಲಿ ಹೇಳಿದರೆ ಬಂದವರು ಮೆಟ್ಟಿಲಲ್ಲಿಯೇ ನಿಲ್ಲುತ್ತಾರೆ.

ಈ ಕ್ರಿಯಾರೂಪದ ಇತಿಹಾಸ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಹಳಗನ್ನಡದ ‘ಬನ್ನಿಂ’ ಎಂಬ ಬಹುವಚನವು ಇಂದು ‘ಬನ್ನಿ’ಯಾಗಿ ಒಬ್ಬರಿಗೂ ಸಲ್ಲುವ ಗೌರವವಾಚಕವಾಗಿದೆ. ಇದೇ ಸೀಮೆಯ ತುಳುವಿನಲ್ಲಿ ‘ಬಲ’ ಏಕವಚನವಾದರೆ ‘ಬಲೆ’ ಬಹುವಚನ. ‘ಬಲೆ, ಕುಲ್ಲುಲೆ’ ಎಂದರೆ ‘ಬನ್ನಿ, ಕುಳಿತುಕೊಳ್ಳಿ’. ಕನ್ನಡದಲ್ಲಿಯಾಗಲಿ ತುಳುವಿನಲ್ಲಿಯಾಗಲಿ ‘ದಯವಿಟ್ಟು’ ಎಂಬ ಪದವನ್ನು ಮನೆಯೊಳಗೆ ಬಳಸುವ ರೂಢಿಯಿಲ್ಲ. ಇಂಗ್ಲಿಷಿನವರು ಬೇರೊಂದು ಪದದಿಂದ ಸೂಚಿಸುವ ವಿನಯವನ್ನು ನಾವು ಕ್ರಿಯಾಪದದ ಕೊನೆಯ ಒಂದು ಸ್ವರದಲ್ಲಿ ಇಟ್ಟಿದ್ದೇವೆ. ‘ದಯವಿಟ್ಟು ಒಳಗೆ ಬನ್ನಿ’ ಎಂದು ಯಾರಾದರೂ ನಮ್ಮನ್ನು ಕರೆದರೆ ಅದು ಆಸ್ಪತ್ರೆಯೋ ಬ್ಯಾಂಕೋ ಆಗಿರಬೇಕೆಂದು ನಾವು ಊಹಿಸುತ್ತೇವೆ.

‘ಬನ್ನಿ’ಯ ನಂತರ ಆಸನ, ಆಸನದ ನಂತರ ನೀರು, ನೀರಿನ ನಂತರ ಮಾತು: ಇದು ಕ್ರಮ. ಸಂಸ್ಕೃತ ಗ್ರಂಥಗಳ ಅತಿಥಿಪೂಜೆಯಲ್ಲಿಯೂ ಕಾಲಿಗೆ ಪಾದ್ಯ, ಕೈಗೆ ಅರ್ಘ್ಯ, ಬಾಯಿಗೆ ಆಚಮನೀಯ ಎಂದು ನೀರೇ ಮುಂದಾಗಿ ಬರುತ್ತದೆ. ಬಂದವರ ಕ್ಷೇಮವನ್ನು ಕೇಳದ, ಕುಳ್ಳಿರಿಸದ, ಮಾತನಾಡಿಸದ ಮನೆಯವರನ್ನು ಬಸವಣ್ಣನವರು ಒಂದು ಪ್ರಸಿದ್ಧ ವಚನದಲ್ಲಿ ತರಾಟೆಗೆ ತೆಗೆದುಕೊಂಡಿರುವುದು ನಿಮಗೆ ಗೊತ್ತೇ ಇದೆ. ಅಲ್ಲಿ ಬಂದ ಕಾರಣವನ್ನು ವಿಚಾರಿಸುವುದೂ ಒಂದು ಸೌಜನ್ಯ. ಇಂದಿನ ಬಳಕೆಯಲ್ಲಿ ಅದರ ಸ್ಥಾನ ಬದಲಾಗಿದೆಯೆಂಬುದನ್ನು ಗಮನಿಸಬೇಕು. ನೀರು ಕೊಟ್ಟ ಮೇಲೆ ‘ಏನು ಬಂದದ್ದು?’ ಎಂದು ಕೇಳಿದರೆ ಅದು ಕುಶಲಪ್ರಶ್ನೆ. ನೀರು ಕೊಡುವ ಮೊದಲೇ ಕೇಳಿದರೆ ‘ಏಕೆ ಬಂದೆ?’ ಎಂಬ ವಿಚಾರಣೆ. ಪದಗಳು ಅವೇ, ಚೆಂಬು ನಡುವೆ ಬಂದುದರಿಂದ ಅರ್ಥ ಬೇರೆಯಾಗುತ್ತದೆ.

ಈಗ ಆ ನೀರಿನ ಮಾತಿಗೆ ಬರೋಣ. ಕುಂಬಳೆ ಸೀಮೆಯ ಹವ್ಯಕ ಮನೆಗಳಲ್ಲಿ ಬಂದವರನ್ನು ಕೇಳುವ ಮಾತು ‘ಆಸರಿಂಗೆ ಎಂತ ಅಕ್ಕು?’. ‘ಆಸರು’ ಎಂದರೆ ಈ ಕನ್ನಡದಲ್ಲಿ ಬಾಯಾರಿಕೆ. ಹಳೆಯ ಕನ್ನಡದಲ್ಲಿ ಅದಕ್ಕೆ ದಣಿವು, ಬಳಲಿಕೆ ಎಂಬ ವಿಶಾಲವಾದ ಅರ್ಥವಿತ್ತು. ‘ಆಸರು ಬೇಸರು’ ಎಂಬ ಜೋಡುನುಡಿಯಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಹಾಗಾಗಿ ಆಸರಿಗೆ ಕೊಡುವುದು ಗಂಟಲಿಗೆ ಮಾತ್ರವಲ್ಲ, ನಡೆದುಬಂದ ಆಯಾಸಕ್ಕೂ ಹೌದು. ‘ಅಕ್ಕು’ ಎಂಬುದು ಹಳಗನ್ನಡದ ‘ಅಕ್ಕುಂ’. ‘ಆಗಬಹುದು, ಆದೀತು’ ಎಂದು ಅರ್ಥ. ಪಂಪನನ್ನು ಓದುವಾಗ ಟಿಪ್ಪಣಿ ನೋಡಿ ತಿಳಿಯುವ ಕ್ರಿಯಾರೂಪವೊಂದು ಇಲ್ಲಿ ಅಡುಗೆಮನೆಯ ಬಾಗಿಲಲ್ಲಿ ದಿನವೂ ಕೇಳಿಬರುತ್ತದೆ. ಪಕ್ಕದ ತುಳು ಮನೆಯಲ್ಲಿ ಇದೇ ಪ್ರಶ್ನೆ ‘ಬಾಜೆಲ್‌ಗ್ ದಾದ ಪರ್ಪರ್?’ ಎಂದಾಗುತ್ತದೆ, ‘ಬಾಜೆಲ್’ ಎಂದರೂ ಬಾಯಾರಿಕೆಯೇ. ಶಾಲೆಯ ಕನ್ನಡ ಮಾತನಾಡುವವರು ‘ಬಾಯಾರಿಕೆಗೆ ಏನಾಗಬಹುದು?’ ಎನ್ನುತ್ತಾರೆ. ಕರಾವಳಿಯ ಕನ್ನಡದಲ್ಲಿ ‘ಬಾಯಾರಿಕೆ’ ಎಂಬ ಪದವು ಬಾಯಿ ಆರಿದ ಸ್ಥಿತಿಗೆ ಮಾತ್ರವಲ್ಲದೆ ಅದಕ್ಕಾಗಿ ಕೊಡುವ ಪಾನೀಯಕ್ಕೂ ಹೆಸರಾಗಿದೆ. ‘ಬಾಯಾರಿಕೆ ಕುಡಿದು ಹೋಗಿ’ ಎಂಬ ವಾಕ್ಯ ಘಟ್ಟದ ಮೇಲಿನವರಿಗೆ ನಗು ತರಿಸಬಹುದು. ಇಲ್ಲಿ ಅದು ಸಹಜವಾದ ಮಾತು.

ಆ ಪಾನೀಯದ ಹಳೆಯ ರೂಪ ಬೆಲ್ಲ ಮತ್ತು ನೀರು. ಹೆಸರು ಹೀಗಿದ್ದರೂ ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಕೊಡುವುದಿಲ್ಲ. ಸಣ್ಣ ತಟ್ಟೆಯಲ್ಲಿ ಬೆಲ್ಲದ ತುಂಡುಗಳು, ಜೊತೆಗೆ ಚೆಂಬಿನಲ್ಲಿ ಬಾವಿಯ ನೀರು. ಒಂದು ತುಂಡನ್ನು ಕಚ್ಚಿ, ಅದು ಬಾಯಲ್ಲಿ ಕರಗುತ್ತಿರುವಂತೆ ನೀರು ಕುಡಿಯಬೇಕು. ಬಿಸಿಲಿನಲ್ಲಿ ನಡೆದು ಬಂದವರು ಬರಿಯ ನೀರನ್ನು ಗಟಗಟನೆ ಕುಡಿದರೆ ಹೊಟ್ಟೆ ಹಿಡಿಯುತ್ತದೆಂದು ಹಿರಿಯರು ಹೇಳುತ್ತಾರೆ. ಬೆಲ್ಲ ಬಾಯಲ್ಲಿರುವಾಗ ಯಾರೂ ಗಟಗಟನೆ ಕುಡಿಯಲಾರರು; ಕುಡಿತ ತಾನಾಗಿಯೇ ನಿಧಾನವಾಗುತ್ತದೆ. ಇಂದು ಬೆಲ್ಲದ ತಟ್ಟೆಯ ಸ್ಥಳದಲ್ಲಿ ಹೆಚ್ಚಾಗಿ ಮಜ್ಜಿಗೆ ನೀರು, ಪುನರ್ಪುಳಿಯ ಶರಬತ್ತು ಅಥವಾ ಚಹಾ ಬಂದಿದೆ. ಆದರೆ ಇವೆಲ್ಲವನ್ನೂ ಸಿದ್ಧಪಡಿಸಲು ಹೊತ್ತು ಬೇಕು. ಬೆಲ್ಲ ನೀರಿಗೆ ಒಲೆ ಹೊತ್ತಿಸಬೇಕಾಗಿಲ್ಲ, ಮನೆಯೊಡತಿ ಬರುವವರೆಗೆ ಕಾಯಬೇಕಾಗಿಲ್ಲ. ಏಳು ವರ್ಷದ ಮಗುವೂ ತಂದುಕೊಡಬಲ್ಲದು. ಈ ಅನುಕೂಲವನ್ನು ನಾವು ಚಹಾಕ್ಕಾಗಿ ಬಿಟ್ಟುಕೊಟ್ಟೆವೆಂದೇ ನನ್ನ ಅಭಿಪ್ರಾಯ. ಚಹಾ ಆಗುವ ಹತ್ತು ನಿಮಿಷ ಬಂದವರು ಒಣಗಿದ ಬಾಯಲ್ಲಿ ಮಾತನಾಡುತ್ತಿರುತ್ತಾರೆ.

ಪ್ರಶ್ನೆಯ ವ್ಯಾಕರಣವೂ ಇಲ್ಲಿ ಮುಖ್ಯವಾದುದು. ‘ನೀರು ಬೇಕಾ?’, ‘ಆಸರಿಂಗೆ ಎಂತ ಅಕ್ಕು?’, ‘ನೀರು ತೆಗೆದುಕೊಳ್ಳಿ’ ಎಂಬ ಮೂರು ವಾಕ್ಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಮೊದಲನೆಯದು ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರವನ್ನು ಬೇಡುತ್ತದೆ. ಮೊದಲ ಸಲ ಬಂದ ಸಂಕೋಚದ ವ್ಯಕ್ತಿಯು ‘ಬೇಕು’ ಎನ್ನಲಾರನು, ಏಕೆಂದರೆ ‘ಬೇಕು’ ಎಂಬುದು ಕೇಳಿ ಪಡೆಯುವವನ ಮಾತು. ಅವನ ಬಾಯಿಂದ ಬರುವುದು ‘ಬೇಡ, ಬೇಡ’. ಮನೆಯವರು ಅದನ್ನು ನಂಬಿದರೆ ಅವನು ಬಾಯಾರಿಯೇ ಹಿಂದಿರುಗುತ್ತಾನೆ. ಎರಡನೆಯ ವಾಕ್ಯದಲ್ಲಿ ಕುಡಿಯುವುದು ಆಗಲೇ ನಿಶ್ಚಯವಾಗಿದೆ. ಯಾವುದು ಎಂಬುದಷ್ಟೇ ಪ್ರಶ್ನೆ. ಅಲ್ಲದೆ ‘ಬೇಕು’ ಎನ್ನದೆ ‘ಅಕ್ಕು’ ಎನ್ನುವುದರಿಂದ ಅದು ಅತಿಥಿಯ ಆಸೆಯನ್ನು ಕೇಳುವುದಿಲ್ಲ, ಅವನಿಗೆ ಒಗ್ಗುವುದನ್ನು ಕೇಳುತ್ತದೆ. ‘ನೀರು ಅಕ್ಕು’ ಎಂದು ಉತ್ತರಿಸಿದರೆ ‘ನೀರಾದರೆ ಸಾಕು’ ಎಂಬ ವಿನಯ ತಾನಾಗಿಯೇ ಬರುತ್ತದೆ, ಕುಡಿಯಲೂ ಸಿಗುತ್ತದೆ.

ಮೂರನೆಯ ವಾಕ್ಯದಲ್ಲಿ ಪ್ರಶ್ನೆಯೇ ಇಲ್ಲ. ಈ ಮಾದರಿಯನ್ನು ಸ್ಪಷ್ಟವಾಗಿ ಕಾಣಬೇಕಾದರೆ ನಮ್ಮ ನಾಡಗಡಿಯ ಇನ್ನೊಂದು ತುದಿಗೆ, ಮಹಾರಾಷ್ಟ್ರದಲ್ಲಿರುವ ಅಕ್ಕಲಕೋಟೆ ಮತ್ತು ಜತ್ತದ ಕನ್ನಡ ಮನೆಗಳಿಗೆ ಹೋಗಬೇಕು. ಅಲ್ಲಿ ‘ಬರ್ರಿ, ಕೂಡ್ರಿ’ ಎಂಬ ಮಾತಿನ ಹಿಂದೆಯೇ ತಂಬಿಗೆಯ ನೀರು ಎದುರಿಗೆ ಬರುತ್ತದೆ. ‘ನೀರ ಕುಡೀರಿ’ ಎನ್ನುತ್ತಾರೆಯೇ ಹೊರತು ಬೇಕೇ ಎಂದು ಕೇಳುವುದಿಲ್ಲ. ಜತ್ತ ಬರಕ್ಕೆ ಪದೇ ಪದೇ ತುತ್ತಾಗುವ ತಾಲೂಕು. ಬೇಸಗೆಯಲ್ಲಿ ಕುಡಿಯುವ ನೀರನ್ನು ದೂರದಿಂದ ತರಬೇಕಾದ ಸೀಮೆಯಲ್ಲಿ ‘ಬೇಕಾ?’ ಎಂದು ಕೇಳಿದರೆ ಬಂದವರು ಮನೆಯವರ ಕಷ್ಟವನ್ನು ನೆನೆದು ಬೇಡವೆನ್ನುವುದು ಖಂಡಿತ. ಕೇಳದೆ ಕೊಡುವ ಪದ್ಧತಿ ಅವರಿಗೆ ಆ ಅವಕಾಶವನ್ನೇ ಕೊಡುವುದಿಲ್ಲ.

ಇನ್ನು ‘ಬೇಡ’ ಎಂಬ ಉತ್ತರದ ವಿಚಾರ. ಮೊದಲ ‘ಬೇಡ’ ಉಪಚಾರದ ‘ಬೇಡ’. ‘ಸುಮ್ಮನೆ ನಿಮಗೆ ತೊಂದರೆ’, ‘ಈಗಷ್ಟೇ ಕುಡಿದು ಬಂದದ್ದು’ ಎಂಬ ಸಾಮಾನ್ಯ ಮಾತುಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಮನೆಯವರು ಎರಡನೆಯ ಸಲ ಹೇಳುವುದು ರೂಢಿ. ಆಗ ಹೆಚ್ಚಿನವರು ಒಪ್ಪುತ್ತಾರೆ. ನಿಜವಾದ ‘ಬೇಡ’ಕ್ಕೆ ಬೇರೆಯದೇ ಲಕ್ಷಣವಿದೆ: ಅದರೊಡನೆ ನಿರ್ದಿಷ್ಟವಾದ ಕಾರಣ ಬರುತ್ತದೆ. ಇಂದು ಒಪ್ಪೊತ್ತು, ರಂಜಾನಿನ ಉಪವಾಸ, ಸಕ್ಕರೆ ಕಾಯಿಲೆಯಿರುವುದರಿಂದ ಬೆಲ್ಲ ಆಗದು ಎಂಬಂಥ ಕಾರಣ. ಇಂಥ ಮಾತನ್ನು ಕೇಳಿದ ಮೇಲೆ ಮೂರನೆಯ ಸಲ ಒತ್ತಾಯಿಸುವುದು ಪ್ರೀತಿಯಲ್ಲ, ಹಿಂಸೆ. ಉಪವಾಸವಿರುವವರ ಮುಂದೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿದರೆ ಅದೇ ಉಪಚಾರ.

ಕಾರಣವನ್ನೂ ಹೇಳದೆ, ಎರಡನೆಯ ಸಲಕ್ಕೂ ಒಪ್ಪದೆ, ಲೋಟವನ್ನು ತುಟಿಗೆ ತಾಗಿಸಿ ಹಾಗೆಯೇ ಇಡುವ ಅತಿಥಿಗಳೂ ಇದ್ದಾರೆ. ಇವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಬೆಳಗ್ಗೆ ಮನೆ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದವರಿಗೆ ಬಾಯಾರಿಕೆ ಇಲ್ಲದಿರುವುದು ಸಾಧ್ಯವಿಲ್ಲ. ಅವರು ಕುಡಿಯದಿರುವುದು ಆಮೇಲಿನ ಅವಶ್ಯಕತೆಗೆ ಹೆದರಿ. ಗುರುತಿಲ್ಲದ ಮನೆಯಲ್ಲಿ ಶೌಚಾಲಯ ಎಲ್ಲಿದೆಯೆಂದು ಕೇಳುವುದು ಹೇಗೆ, ಹಿಂದಿರುಗುವ ದಾರಿಯಲ್ಲಿ ಎಲ್ಲಿಯೂ ಸಿಗದಿದ್ದರೆ ಏನು ಮಾಡುವುದು ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ನಡೆಯುತ್ತಿರುತ್ತದೆ. ಕ್ಷೇತ್ರಕಾರ್ಯಕ್ಕೆ ಹೋಗುವ ನಮ್ಮ ವಿದ್ಯಾರ್ಥಿನಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಳೆಯ ಪದ್ಧತಿಯಲ್ಲಿ ಇದಕ್ಕೊಂದು ಉಪಾಯವಿತ್ತು: ‘ಕೈಕಾಲು ತೊಳೆದುಕೊಳ್ಳಿ’ ಎಂಬ ಮಾತು. ಮೇಲ್ನೋಟಕ್ಕೆ ಅದು ದಾರಿಯ ಧೂಳನ್ನು ಕಳೆದುಕೊಳ್ಳುವ ಸೂಚನೆ. ಆದರೆ ಅದನ್ನು ಹೇಳಿದವರು ಅತಿಥಿಯನ್ನು ಬಚ್ಚಲಿನ ಕಡೆಗೆ ಕರೆದುಕೊಂಡು ಹೋಗುತ್ತಿದ್ದರು. ಉಳಿದುದನ್ನು ಅವರೇ ಕಂಡುಕೊಳ್ಳುತ್ತಿದ್ದರು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಇಂದು ಅಂಗಳದ ಮೂಲೆಯಲ್ಲಿ ನಲ್ಲಿಯಿದೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೇರವಾಗಿ ಸೋಫಾಕ್ಕೆ ಬರುತ್ತೇವೆ. ಕೈಕಾಲು ತೊಳೆಯುವ ಮಾತು ಬಿದ್ದುಹೋಗಿದೆ, ಅದರೊಡನೆ ಈ ಮರೆಯೂ ಹೋಗಿದೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ನೀಲೇಶ್ವರದ ಕಡೆಯ, ಮಲಯಾಳ ಮಾತೃಭಾಷೆಯ ಸಹಪಾಠಿಯೊಬ್ಬಳು ಬದಿಯಡ್ಕದ ಹತ್ತಿರದ ಕನ್ನಡ ಮನೆಗೆ ಮೊದಲ ಸಲ ಬಂದಿದ್ದಾಳೆ. ಕಾಸರಗೋಡಿನಲ್ಲಿ ಬಸ್ಸು ಬದಲಿಸಿ, ಇಳಿದಲ್ಲಿಂದ ತೋಟದ ದಾರಿಯಲ್ಲಿ ನಡೆದು ಬಂದವಳು. ಗೆಳತಿ ಪೇಟೆಗೆ ಹೋಗಿದ್ದಾಳೆ, ಇನ್ನೂ ಬಂದಿಲ್ಲ. ಮನೆಯಲ್ಲಿರುವವರು ಅಜ್ಜಿ ಮಾತ್ರ. ಅಜ್ಜಿ ‘ಬನ್ನಿ ಬನ್ನಿ’ ಎಂದು ಜಗಲಿಗೆ ಕರೆದು, ‘ಸ್ವಲ್ಪ ಇರಿ’ ಎಂದು ಹೇಳಿ ನೀರು ತರಲು ಒಳಗೆ ಹೋಗುತ್ತಾರೆ. ಹುಡುಗಿ ಕುಳಿತುಕೊಳ್ಳುತ್ತಾಳೆ. ಅಜ್ಜಿಯ ಮಾತಿನ ಅರ್ಥ ‘ತುಸು ಹೊತ್ತು ಕಾಯಿರಿ’; ಆದರೆ ಮಲಯಾಳದಲ್ಲಿ ‘ಇರಿ’ ಎಂದರೆ ‘ಕುಳಿತುಕೋ’. ಇಲ್ಲಿ ತಪ್ಪು ತಿಳಿದರೂ ಪರಿಣಾಮ ಒಳ್ಳೆಯದೇ ಆಯಿತು. ತಿರುಗುಮುರುಗಾದರೆ ಹಾಗಲ್ಲ. ಮಲಯಾಳದ ಮನೆಗೆ ಹೋದ ಕನ್ನಡದ ಹುಡುಗನಿಗೆ ಅಲ್ಲಿಯವರು ‘ಇರಿ’ ಎಂದಾಗ ಅವನು ಕಾಯಬೇಕೆಂದು ತಿಳಿದು ನಿಂತೇ ಇರುತ್ತಾನೆ. ಕುಳಿತುಕೊಳ್ಳಲು ಹೇಳಿದರೂ ಈ ಹುಡುಗ ಏಕೆ ನಿಂತಿದ್ದಾನೆಂದು ಮನೆಯವರಿಗೆ ಕಸಿವಿಸಿ. ಎರಡೂ ಭಾಷೆಗಳಿಗೆ ಧಾತು ಒಂದೇ, ‘ಇರು’. ಮಲಯಾಳ ಮತ್ತು ತಮಿಳುಗಳಲ್ಲಿ ಅದಕ್ಕೆ ಇರುವಿಕೆಯ ಜೊತೆಗೆ ಕುಳಿತುಕೊಳ್ಳುವ ಅರ್ಥವೂ ಇದೆ. ಇಂದಿನ ಕನ್ನಡದಲ್ಲಿ ಇರುವಿಕೆ, ಉಳಿಯುವಿಕೆಗಳು ಮಾತ್ರ. ಆದ್ದರಿಂದ ಬೇರೆ ಮಾತಿನವರು ಬಂದಾಗ ಬಾಯಿಯೊಂದನ್ನೇ ನೆಚ್ಚದೆ ಕುರ್ಚಿಯನ್ನು ಕೈಯಿಂದ ತೋರಿಸುವುದು ಲೇಸು.

ಅಜ್ಜಿ ಬೆಲ್ಲದ ತಟ್ಟೆಯನ್ನೂ ಚೆಂಬನ್ನೂ ತಂದಿಡುತ್ತಾರೆ. ಹುಡುಗಿಗೆ ಎರಡು ಸಂದೇಹಗಳು. ಬೆಲ್ಲವನ್ನು ಏನು ಮಾಡಬೇಕು, ಮತ್ತು ಚೆಂಬಿನಿಂದ ಕುಡಿಯುವುದು ಹೇಗೆ? ಚೆಂಬನ್ನು ಎತ್ತಿ, ತುಟಿಗೆ ತಾಗಿಸದೆ ಬಾಯಿಗೆ ಸುರಿದುಕೊಳ್ಳಬೇಕು. ಅಭ್ಯಾಸವಿಲ್ಲದವರು ಉಡುಪನ್ನು ತೋಯಿಸಿಕೊಳ್ಳುತ್ತಾರೆ. ಅಜ್ಜಿ ಅನುಭವಸ್ಥರಾದರೆ ಲೋಟವನ್ನೂ ಜೊತೆಗೆ ತಂದಿರುತ್ತಾರೆ, ತಾವೇ ಒಂದು ಚೂರು ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ತೋರಿಸುತ್ತಾರೆ. ನೀರಿನ ಬಣ್ಣ ಗುಲಾಬಿಯಾಗಿದ್ದರೆ ಈ ಹುಡುಗಿ ಬೆದರುವುದಿಲ್ಲ. ಪತಿಮುಖದ ಚಕ್ಕೆಯನ್ನೋ ಜೀರಿಗೆಯನ್ನೋ ಹಾಕಿ ಕುದಿಸಿದ ಬಿಸಿ ನೀರು ಕೇರಳದವರಿಗೆ ಪರಿಚಿತ. ಅದೇ ನೀರನ್ನು ಬೆಂಗಳೂರಿನಿಂದ ಬಂದವರ ಮುಂದಿಟ್ಟರೆ ‘ಇದು ಕುದಿಸಿದ ನೀರು, ಬಣ್ಣ ಮರದ ಚಕ್ಕೆಯದು’ ಎಂದು ಒಂದು ಮಾತು ಹೇಳಬೇಕಾಗುತ್ತದೆ. ಹೇಳದಿದ್ದರೆ ಅವರು ಅದನ್ನು ಮುಟ್ಟುವುದಿಲ್ಲ, ಕೇಳುವುದೂ ಇಲ್ಲ.

ನೀರಾದ ಮೇಲೆ ಅಜ್ಜಿ ‘ಬಾ ಮಗಳೇ, ಕೈಕಾಲು ತೊಳೆದುಕೋ’ ಎಂದು ಹಿತ್ತಿಲ ಕಡೆಯ ಬಚ್ಚಲನ್ನು ತೋರಿಸುತ್ತಾರೆ. ಅಂಗಳದಲ್ಲಿ ‘ಬನ್ನಿ’ಯಾಗಿದ್ದುದು ಈಗ ‘ಬಾ’ ಆಗಿದೆ. ಈ ಬದಲಾವಣೆ ಎಲ್ಲಿ ಆಯಿತೆಂಬುದನ್ನು ಗಮನಿಸಿ. ಅಂಗಳದಲ್ಲಿಯೇ ‘ಬಾ’ ಎಂದಿದ್ದರೆ ಗುರುತಿಲ್ಲದವಳನ್ನು ಏಕವಚನದಲ್ಲಿ ಕರೆದಂತಾಗುತ್ತಿತ್ತು. ಸಂಜೆಯವರೆಗೂ ‘ಬನ್ನಿ, ತೊಳೆದುಕೊಳ್ಳಿ’ ಎಂದೇ ಹೇಳುತ್ತಿದ್ದರೆ ಅವಳು ಹೊರಗಿನವಳಾಗಿಯೇ ಉಳಿಯುತ್ತಿದ್ದಳು. ನೀರು ಕುಡಿದ ಮೇಲೆ ಬಂಧುವಾಚಕದೊಡನೆ ಬಂದ ಏಕವಚನ ಮಮತೆಯ ಮಾತು. ಅವಳಿಗೂ ಅದು ಹೊಸದಲ್ಲ. ಅವಳ ಅಜ್ಜಿ ‘ವಾ ಮೋಳೇ’ ಎನ್ನುವುದರ ಕನ್ನಡವೇ ಇದು. ಭಾಷೆ ಅರ್ಥವಾಗದಿದ್ದರೂ ಇದು ಅರ್ಥವಾಗುತ್ತದೆ.

ಚೆಂಬನ್ನು ಎತ್ತಿ ಕುಡಿಯುವುದನ್ನು ಶುಚಿತ್ವದ ಕ್ರಮವೆಂದು ಹೊಗಳುವುದು ಸುಲಭ; ಒಂದೇ ಪಾತ್ರೆಯನ್ನು ಹಲವರು ಬಳಸುವ ಮನೆಯಲ್ಲಿ ಅದು ಹೌದು ಕೂಡ. ಆದರೆ ಎಂಜಲಿನ ಕಲ್ಪನೆಯ ಪಕ್ಕದಲ್ಲಿಯೇ ಮೈಲಿಗೆಯ ಕಲ್ಪನೆಯೂ ಇತ್ತು. ಚೆಂಬು, ಬೆಲ್ಲ, ಜಗಲಿ ಎಲ್ಲರಿಗೂ ಇರಲಿಲ್ಲ. ಕೆಲವರಿಗೆ ಅಂಗಳದ ಅಂಚಿನಲ್ಲಿ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು, ಇನ್ನು ಕೆಲವರಿಗೆ ತೆಂಗಿನ ಗೆರಟೆಯಲ್ಲಿ ಕೊಡುತ್ತಿದ್ದರು. ಅವರೂ ಬಾಯಾರಿ ಬಂದವರೇ, ಕೊಟ್ಟದ್ದೂ ಅದೇ ಬಾವಿಯ ನೀರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು, ಗೆರಟೆ ಮರೆಯಾಯಿತು. ಆದರೆ ಮನೆಯವರಿಗೆ ಸ್ಟೀಲಿನ ಲೋಟ, ಕೆಲವು ಅತಿಥಿಗಳಿಗೆ ಮಾತ್ರ ಕಾಗದದ ಲೋಟ ಎಂಬ ವ್ಯವಸ್ಥೆಯನ್ನು ಇಂದಿಗೂ ಕಾಣಬಹುದು. ಎಲ್ಲರಿಗೂ ಕಾಗದದ್ದಾದರೆ ಅದು ತೊಳೆಯುವ ಕೆಲಸವನ್ನು ಉಳಿಸಲು. ಒಬ್ಬರಿಗೆ ಮಾತ್ರವಾದರೆ ಬೇರೆ ಕಾರಣಕ್ಕೆ. ಬಂದವರು ಇದನ್ನು ಕ್ಷಣದಲ್ಲಿ ಗುರುತಿಸುತ್ತಾರೆ. ‘ಯಾವ ಊರಾಯಿತು, ಯಾರ ಮನೆಯವರು?’ ಎಂಬ ಪ್ರಶ್ನೆಗೂ ಇದೇ ಮಾತು ಸಲ್ಲುತ್ತದೆ. ನೀರು ಕೊಟ್ಟಾದ ಮೇಲೆ ಕೇಳಿದರೆ ಅದು ನಂಟನ್ನು ಹುಡುಕುವ ಕುತೂಹಲ. ನೀರಿಗೆ ಮೊದಲು ಕೇಳಿದರೆ, ಯಾವ ಪಾತ್ರೆಯಲ್ಲಿ ಕೊಡಬೇಕೆಂದು ತಿಳಿಯಲು ಕೇಳಿದಂತಾಗುತ್ತದೆ.

ಉಪಭಾಷೆಯ ಸಾಮಗ್ರಿಯನ್ನು ಸಂಗ್ರಹಿಸಲು ಈ ಸಲ ಮನೆಮನೆಗೆ ಹೋಗುವವರು ಈ ಮಾತುಗಳನ್ನು ಪಟ್ಟಿಯಾಗಿ ಕೇಳಿ ಬರೆದುಕೊಂಡರೆ ಪ್ರಯೋಜನ ಕಡಿಮೆ. ‘ನಿಮ್ಮಲ್ಲಿ ಅತಿಥಿಗಳಿಗೆ ಏನೆನ್ನುತ್ತೀರಿ?’ ಎಂದು ಕೇಳಿದರೆ ಜನರು ಪುಸ್ತಕದ ಕನ್ನಡದಲ್ಲಿ ‘ಸ್ವಾಗತಿಸುತ್ತೇವೆ’ ಎನ್ನುತ್ತಾರೆ. ನೀವೇ ಅಲ್ಲಿ ಅತಿಥಿಗಳು. ಅಂಗಳದಲ್ಲಿ ನಿಮಗೆ ಹೇಳಿದ ಮೊದಲ ಮಾತು ಯಾವುದು, ಯಾರು ಹೇಳಿದರು, ನೀರು ಬಂದದ್ದು ಯಾವ ಪ್ರಶ್ನೆಯ ಮೊದಲು, ‘ಬನ್ನಿ’ ಯಾವಾಗ ‘ಬಾ’ ಆಯಿತು ಎಂಬುದನ್ನು ಹೊರಗೆ ಬಂದ ಮೇಲೆ ಬಸ್ಸಿಗೆ ಕಾಯುವಾಗ ಬರೆದುಕೊಳ್ಳಿ. ಕೊಟ್ಟ ನೀರನ್ನು ಕುಡಿದೇ ಬನ್ನಿ. ಬಚ್ಚಲನ್ನು ಅವರು ತೋರಿಸದಿದ್ದರೆ ‘ಕೈಕಾಲು ತೊಳೆಯಬೇಕಿತ್ತು’ ಎನ್ನಿ. ಆ ಮಾತು ಇನ್ನೂ ಎಲ್ಲ ಮನೆಗಳಲ್ಲಿ ಅರ್ಥವಾಗುತ್ತದೆ.